ಕಾರ್ಡ್ ಪೇಮೆಂಟ್ ಮಧ್ಯೆ ಬರುವ ಬ್ಯಾಂಕ್ ಪುಟ: ನಿಮ್ಮ ಅನುಭವ ಹೇಳಿ

ಕೇಳಿದವರು: ಆನ್‌ಲೈನಲ್ಲಿ ಕಾರ್ಡ್ ನಂಬರ್ ಕೊಟ್ಟ ಮೇಲೆ ಪುಟ ಬೇರೆ ಕಡೆಗೆ ಹಾರುತ್ತದೆ. ಅಲ್ಲಿ ನನ್ನ ಬ್ಯಾಂಕಿನ ಲೋಗೋ ಇದೆ, ಆದರೆ ಮೇಲಿನ ವಿಳಾಸದಲ್ಲಿ ಬ್ಯಾಂಕಿನ ಹೆಸರೇ ಇಲ್ಲ. ನಿನ್ನೆ ಅಲ್ಲಿ ಒಟಿಪಿ ಹಾಕಿಬಿಟ್ಟೆ. ಆ ಪುಟ ನಿಜಕ್ಕೂ ಏನನ್ನು ಪರೀಕ್ಷೆ ಮಾಡುತ್ತದೆ? ಅದು ಅಸಲಿಯೋ ನಕಲಿಯೋ ಅಂತ ಗೊತ್ತುಮಾಡಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ.

ಒಂಟಿ ಸೈಕಲ್: ವಿಳಾಸದಲ್ಲಿ ಬ್ಯಾಂಕಿನ ಹೆಸರಿಲ್ಲ ಅಂದಮೇಲೆ ನನಗಂತೂ ಅನುಮಾನವೇ. ಬೀಗದ ಗುರುತು ಇತ್ತಾ ನೋಡಿದಿರಾ? ಅದಿದ್ದರೆ ಮಾತ್ರ ನಂಬಬಹುದು. ಇನ್ನು ಆ ಪುಟ ಮಾಡೋದು ಇಷ್ಟೇ: ಖಾತೆಯಲ್ಲಿ ದುಡ್ಡಿದೆಯಾ ನೋಡುತ್ತದೆ, ಒಟಿಪಿ ಸರಿ ಇದ್ದರೆ ಅಲ್ಲೇ ಕಡಿತ ಮಾಡುತ್ತದೆ.

ಪೇಮೆಂಟ್ ಟೆಸ್ಟರ್: ಸೈಕಲ್ ಅವರೇ, ಒಟಿಪಿ ಸರಿಯೋ ಅಂತ ನೋಡುತ್ತದೆ ಎನ್ನುವಷ್ಟು ಸರಿ. ಉಳಿದದ್ದು ಸರಿಯಿಲ್ಲ. ಚೆಕ್‌ಔಟ್ ಪುಟಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ವಿಳಾಸದ ಮಾತು. ಒಟಿಪಿ ಕೇಳುವ ಪುಟವನ್ನು ನಡೆಸುವ ಸರ್ವರ್‌ಗೆ ನಮ್ಮಲ್ಲಿ ಎಸಿಎಸ್ ಅಂತೀವಿ. ಅದು ಕಾರ್ಡ್ ಕೊಟ್ಟ ಬ್ಯಾಂಕಿನ ಪರವಾಗಿ ಕೆಲಸ ಮಾಡುತ್ತದೆ. ಆದರೆ ಎಷ್ಟೋ ಬ್ಯಾಂಕುಗಳು ಅದನ್ನು ಸ್ವಂತವಾಗಿ ಇಟ್ಟುಕೊಳ್ಳುವುದಿಲ್ಲ, ಇದೇ ಕೆಲಸ ಮಾಡುವ ಕಂಪನಿಗೆ ವಹಿಸಿಬಿಡುತ್ತವೆ. ಆಗ ವಿಳಾಸದಲ್ಲಿ ಆ ಕಂಪನಿಯ ಹೆಸರಿರುತ್ತದೆ, ಲೋಗೋ ಮಾತ್ರ ಬ್ಯಾಂಕಿನದು. ಹಾಗಾಗಿ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಪುಟ ನಕಲಿ ಆಗುವುದಿಲ್ಲ. ಬೀಗದ ಗುರುತು ಇದೆ ಎಂಬ ಕಾರಣಕ್ಕೆ ಅಸಲಿಯೂ ಆಗುವುದಿಲ್ಲ. ಮೋಸಗಾರರ ಸೈಟಿಗೂ ಆ ಬೀಗ ಸುಲಭವಾಗಿ ಸಿಗುತ್ತದೆ.

ಇನ್ನು ನಡೆಯುವುದೇನು? ಇದರಲ್ಲಿ ಮೂರು ಕಡೆಯವರಿದ್ದಾರೆ. ಅಂಗಡಿ ಮತ್ತು ಅದರ ಬ್ಯಾಂಕ್ ಒಂದು ಕಡೆ. ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕ್ ಇನ್ನೊಂದು ಕಡೆ. ನಡುವೆ ಕಾರ್ಡ್ ನೆಟ್‌ವರ್ಕ್. ಈ ಪದ್ಧತಿಯ ಹೆಸರು 3-D ಸೆಕ್ಯೂರ್, ಅದರಲ್ಲಿನ 3-D ಬಂದಿದ್ದೇ ಈ ಮೂರು ಕಡೆಗಳಿಂದ. ನೀವು ಕಾರ್ಡ್ ನಂಬರ್ ಕೊಟ್ಟು ಬಟನ್ ಒತ್ತಿದ ತಕ್ಷಣ, ಪುಟ ಹಾರುವ ಮೊದಲೇ, ಅಂಗಡಿಯ ಕಡೆಯ ಸರ್ವರ್ ಒಂದು ಸಂದೇಶ ಕಳಿಸುತ್ತದೆ. ಅದು ನೆಟ್‌ವರ್ಕ್ ಮೂಲಕ ನಿಮ್ಮ ಬ್ಯಾಂಕಿನ ಎಸಿಎಸ್‌ಗೆ ಹೋಗುತ್ತದೆ. ಕಾರ್ಡ್ ನಂಬರ್, ಅಂಗಡಿಯ ಹೆಸರು, ಮೊತ್ತ, ನಿಮ್ಮ ಬ್ರೌಸರಿನ ವಿವರ, ಎಲ್ಲ ಅದರಲ್ಲೇ ಇರುತ್ತವೆ. ಇದು ಸರ್ವರ್‌ಗಳ ನಡುವಿನ ಮಾತು, ನಿಮ್ಮ ಬ್ರೌಸರ್ ಇದನ್ನು ನೋಡುವುದೇ ಇಲ್ಲ. ಎಸಿಎಸ್ "ಇವರನ್ನು ನಾನೇ ಕೇಳಬೇಕು" ಎಂದರೆ ಉತ್ತರದಲ್ಲಿ `transStatus` ಜಾಗದಲ್ಲಿ `C` ಬರುತ್ತದೆ, ಜೊತೆಗೆ ಒಂದು ವಿಳಾಸ. ಆಮೇಲೆ ನಿಮ್ಮ ಬ್ರೌಸರ್ ಆ ವಿಳಾಸಕ್ಕೆ ಹಾರುತ್ತದೆ. ಹಾರುವಾಗ ಹೊತ್ತೊಯ್ಯುವುದು ಇಷ್ಟೇ:

```html
<form method="POST" action="https://acs.example/challenge">
  <input type="hidden" name="creq" value="eyJ0aHJlZURT...">
</form>
```

ಆ `creq` ಏನೋ ಗುಪ್ತ ಲಿಪಿ ಇದ್ದ ಹಾಗೆ ಕಾಣುತ್ತದೆ, ಹಾಗೇನಿಲ್ಲ. ಬಿಡಿಸಿ ನೋಡಿದರೆ ಒಳಗೆ ಇರುವುದು ಹೀಗೆ:

```json
{
  "threeDSServerTransID": "...",
  "acsTransID": "...",
  "messageType": "CReq",
  "messageVersion": "2.2.0",
  "challengeWindowSize": "05"
}
```

ಕಾರ್ಡ್ ನಂಬರ್ ಇಲ್ಲ, ಮೊತ್ತ ಇಲ್ಲ. ಎರಡು ವ್ಯವಹಾರ ಸಂಖ್ಯೆ, ಸಂದೇಶದ ಬಗೆ ಮತ್ತು ಆವೃತ್ತಿ, ಕಿಟಕಿಯ ಅಳತೆ, ಮುಗಿಯಿತು. ಟೋಕನ್ ತೋರಿಸಿ ಒಳಗೆ ಹೋದ ಹಾಗೆ. ಎಸಿಎಸ್ ಆ ಸಂಖ್ಯೆ ನೋಡಿ, ಮೊದಲೇ ಹಿಂಬಾಗಿಲಿನಿಂದ ಬಂದಿದ್ದ ವಿವರ ತೆಗೆದು ಪುಟದ ಮೇಲೆ ತೋರಿಸುತ್ತದೆ. ಹಾಗಾಗಿ ಬ್ರೌಸರ್ ಹೊತ್ತೊಯ್ಯುವ ಈ ಫಾರ್ಮಿನಲ್ಲಿ ಯಾರಾದರೂ ಕೈಯಾಡಿಸಿ ಬ್ಯಾಂಕಿಗೆ ಮೊದಲೇ ಹೋದ ಮೊತ್ತ ಬದಲಿಸುವುದು ಆಗದ ಮಾತು.

ಆದರೆ ಅಂಗಡಿಯೇ ತಪ್ಪು ಮೊತ್ತ ಹೇಳಿದರೆ? ಅದನ್ನು ನಾನೇ ಕಂಡಿದ್ದೇನೆ. ಮೊತ್ತವನ್ನು ಚುಕ್ಕಿ ಇಲ್ಲದೆ ಬರೆಯಬೇಕು. 1500.00 ಆದರೆ `purchaseAmount` ಅಲ್ಲಿ `150000`, `purchaseExponent` ಅಲ್ಲಿ `2`. ನಮ್ಮ ಹುಡುಗನೊಬ್ಬ ಸುಮ್ನೆ `1500` ಅಂತ ಕಳಿಸಿದ್ದ. ಅಂಗಡಿಯ ಪುಟದಲ್ಲಿ 1500.00, ಬ್ಯಾಂಕ್ ಪುಟದಲ್ಲಿ 15.00! ಒಟಿಪಿ ಹಾಕಿದೆ, ಆ ಪುಟ ತಕರಾರಿಲ್ಲದೆ ಒಪ್ಪಿತು. ಯಾಕೆಂದರೆ ನಿಮ್ಮ ಬುಟ್ಟಿಯಲ್ಲಿ ಏನಿದೆ, ಬೆಲೆ ಸರಿಯೇ, ಅಂಗಡಿ ಒಳ್ಳೆಯದೇ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಈ ಕಾರ್ಡಿನ ಒಡೆಯರೇ ಈಗ ಇಲ್ಲಿ ಇದ್ದಾರಾ, ಈ ಹೆಸರು ಈ ಮೊತ್ತ ನೋಡಿ ಹೂಂ ಅಂದರಾ, ಇಷ್ಟೇ ಅದರ ಕೆಲಸ. ಬ್ಯಾಲೆನ್ಸ್ ನೋಡುವುದು, ಕಾರ್ಡಿನ ಹಿಂದಿನ ಮೂರು ಅಂಕಿ ನೋಡುವುದು, ಎಲ್ಲ ಆಮೇಲಿನ ಹಂತ.

ನಿಧಾನಿ: ನನ್ನದು ಬೇರೆ ಕಥೆ. ಹೋದ ವಾರ ನನಗೆ ಒಟಿಪಿ ಕೇಳಲೇ ಇಲ್ಲ, ಸೀದಾ ಪೇಮೆಂಟ್ ಆಗಿಹೋಯಿತು. ನನ್ನ ಕಾರ್ಡ್ ಹ್ಯಾಕ್ ಆಗಿದೆ ಅಂತ ತಾನೇ ಅರ್ಥ? ಬ್ಲಾಕ್ ಮಾಡಿಸಿಬಿಟ್ಟೆ.

ಪೇಮೆಂಟ್ ಟೆಸ್ಟರ್: ಅಯ್ಯೋ, ಅಷ್ಟು ಅವಸರ ಬೇಕಿರಲಿಲ್ಲ. ಮೊದಲ ಸಂದೇಶದಲ್ಲೇ ನಿಮ್ಮ ಬ್ರೌಸರಿನ ಹೆಸರು, ಪರದೆಯ ಅಳತೆ, ಭಾಷೆ, ಐಪಿ ವಿಳಾಸ ಎಲ್ಲ ಹೋಗಿರುತ್ತವೆ. ನೀವು ಯಾವಾಗಲೂ ಬಳಸುವ ಸಾಧನ, ಮಾಮೂಲಿ ಮೊತ್ತ ಅಂತ ಬ್ಯಾಂಕಿಗೆ ಅನ್ನಿಸಿದರೆ ಅಲ್ಲೇ ಒಪ್ಪಿದೆ ಎಂಬರ್ಥದ `Y` ಅಂದುಬಿಡಬಹುದು. ಪುಟ ಹಾರುವುದೇ ಇಲ್ಲ. ಎಲ್ಲ ಪೇಮೆಂಟೂ ಈ ದಾರಿಯಲ್ಲೇ ಹೋಗುತ್ತವೆ ಅಂತಲೂ ಅಲ್ಲ, ಬ್ಯಾಂಕನ್ನೇ ಕೇಳಿದರೆ ಆ ವ್ಯವಹಾರ ಹೇಗೆ ಹೋಯಿತು ಅಂತ ಹೇಳುತ್ತಾರೆ.

ಪುಸ್ತಕ ಮಾರುವವಳು: ಸೈಕಲ್ ಅವರ "ಅಲ್ಲೇ ಕಡಿತ" ಮಾತಿಗೆ ನನ್ನ ಕಡೆಯಿಂದ ಒಂದು. ನಾನು ಆನ್‌ಲೈನಲ್ಲಿ ಹಳೇ ಪುಸ್ತಕ ಮಾರುತ್ತೇನೆ. ಒಬ್ಬರು ಫೋನ್ ಮಾಡಿ ಜಗಳವೇ ತೆಗೆದರು: "ಒಟಿಪಿ ಹಾಕಿದ್ದೇನೆ, ಸಕ್ಸೆಸ್ ಅಂತ ಬಂತು, ಪುಸ್ತಕ ಎಲ್ಲಿ?" ನನ್ನ ಕಡೆ ನೋಡಿದರೆ ಆರ್ಡರ್ ಪೆಂಡಿಂಗ್. ದುಡ್ಡು ಬಂದಿಲ್ಲ. ಅವರ ಖಾತೆಯಿಂದಲೂ ಹೋಗಿಲ್ಲ! ಒಟಿಪಿ ಒಪ್ಪಿದ ಕ್ಷಣದಲ್ಲಿ ಅವರ ನೆಟ್ ಹೋಗಿತ್ತು, ಪುಟ ನನ್ನ ಸೈಟಿಗೆ ವಾಪಸ್ ಬರಲೇ ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಪೇಮೆಂಟ್ ಟೆಸ್ಟರ್: ಅಕ್ಕಾ, ಇದು ತುಂಬಾ ಒಳ್ಳೆಯ ಉದಾಹರಣೆ. ಒಟಿಪಿ ಸರಿಯಾದ ಕೂಡಲೇ ಎಸಿಎಸ್ ಎರಡು ಕೆಲಸ ಮಾಡುತ್ತದೆ. ಮೊದಲು ಫಲಿತಾಂಶವನ್ನು ನೆಟ್‌ವರ್ಕ್ ಮೂಲಕ ನಿಮ್ಮ ಪೇಮೆಂಟ್ ಸರ್ವರ್‌ಗೆ ಹಿಂಬಾಗಿಲಿನಿಂದ ಕಳಿಸುತ್ತದೆ. ಇದಕ್ಕೆ `RReq` ಅಂತ ಹೆಸರು. ಆಮೇಲೆ ಗ್ರಾಹಕರ ಬ್ರೌಸರನ್ನು `cres` ಎಂಬ ಉತ್ತರ ಕೊಟ್ಟು ನಿಮ್ಮ ಕಡೆಯ `notificationURL` ಎಂಬ ವಿಳಾಸಕ್ಕೆ ವಾಪಸ್ ಕಳಿಸುತ್ತದೆ. ನಿಮ್ಮಲ್ಲಿ ಮೊದಲನೆಯದು ಬಂದಿರಬೇಕು, ಎರಡನೆಯದು ದಾರಿಯಲ್ಲೇ ಬಿದ್ದುಹೋಗಿದೆ.

ಆದರೆ ಇಷ್ಟೂ ಆದರೂ ಒಂದು ಪೈಸೆ ಕದಲಿರುವುದಿಲ್ಲ. `RReq` ಒಳಗೆ 28 ಅಕ್ಷರದ ಒಂದು ಮುದ್ರೆಯಂಥ ಸಾಲು ಬರುತ್ತದೆ. ಅದನ್ನು ಜೊತೆಗಿಟ್ಟು ಅಂಗಡಿ ಕಡೆಯವರು "ಈಗ ದುಡ್ಡು ಕೊಡಿ" ಅಂತ ಬ್ಯಾಂಕಿಗೆ ಮತ್ತೊಂದು ಕೋರಿಕೆ ಕಳಿಸಬೇಕು. ಬ್ಯಾಲೆನ್ಸ್ ನೋಡುವುದು ಆಗಲೇ. ನಿಮ್ಮ ಸೈಟು ಗ್ರಾಹಕರು ವಾಪಸ್ ಬಂದ ಮೇಲೆ ಮಾತ್ರ ಆ ಕೋರಿಕೆ ಕಳಿಸುವ ಹಾಗೆ ಬರೆದಿದ್ದಾರೆ ಅನ್ನಿಸುತ್ತದೆ. ಅವರು ಬರಲಿಲ್ಲ, ಕೋರಿಕೆಯೂ ಹೋಗಲಿಲ್ಲ. ನಿಮ್ಮ ಸೈಟಿನ ಪೇಮೆಂಟ್ ನಡೆಸಿಕೊಡುವ ಗೇಟ್‌ವೇ ಕಂಪನಿಯವರ ಹತ್ತಿರ ಆ ಆರ್ಡರಿನ `RReq` ಬಂದಿತ್ತಾ ಕೇಳಿ. ಬಂದಿದ್ದರೆ ತಪ್ಪು ನಿಮ್ಮ ಸೈಟಿನದು, ಗ್ರಾಹಕರದ್ದೂ ಅಲ್ಲ ಬ್ಯಾಂಕಿನದ್ದೂ ಅಲ್ಲ.

ಒಂದು ಎಚ್ಚರಿಕೆ. ಬ್ರೌಸರ್ ತಂದ `cres` ಒಂದನ್ನೇ ನಂಬಿ ಪುಸ್ತಕ ಕಳಿಸಬೇಡಿ. 3-D ಸೆಕ್ಯೂರ್‌ನ ಹಳೇ ಆವೃತ್ತಿಯಲ್ಲಿ ಬ್ರೌಸರ್ ಹೊತ್ತು ತರುತ್ತಿದ್ದ `PaRes` ಎಂಬ ಫಲಿತಾಂಶಕ್ಕೆ ಬ್ಯಾಂಕ್ ಕಡೆಯ ಡಿಜಿಟಲ್ ಸಹಿ ಇರುತ್ತಿತ್ತು. ಈಗ ಬ್ರೌಸರ್ ತರುವ `cres`ಗೆ ಅಂಥ ಸಹಿ ಇಲ್ಲ, ನಿಜವಾದ ಫಲಿತಾಂಶ ಹಿಂಬಾಗಿಲಿನಿಂದಲೇ ಬರುತ್ತದೆ.

ಪುಸ್ತಕ ಮಾರುವವಳು: ಓಹೋ! ಸೈಟ್ ಬರೆದುಕೊಟ್ಟ ಹುಡುಗನ ಕಿವಿ ಹಿಂಡಬೇಕು ಅಂತಾಯಿತು.

ಒಂಟಿ ಸೈಕಲ್: ಸರಿ ಸಾರ್, ಬೀಗದ ಮಾತು ವಾಪಸ್ ತಗೊಂಡೆ. ಆದರೆ ಅವರು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಲೋಗೋ ನಂಬಬೇಡಿ, ಬೀಗ ನಂಬಬೇಡಿ, ವಿಳಾಸದಲ್ಲಿ ಹೆಸರು ಇಲ್ಲದಿರಬಹುದು ಅಂದರೆ ಮನುಷ್ಯ ನೋಡುವುದಾದರೂ ಏನನ್ನ? ಎಷ್ಟೋ ಸೈಟುಗಳಲ್ಲಿ ಅದು ಅಂಗಡಿ ಪುಟದ ಒಳಗೇ ಚಿಕ್ಕ ಚೌಕದಲ್ಲಿ ಬರುತ್ತದೆ, ವಿಳಾಸ ಕಾಣುವುದೇ ಇಲ್ಲ.

ಪೇಮೆಂಟ್ ಟೆಸ್ಟರ್: ಹೌದು, ಆ ಚೌಕ ನನಗೂ ಇಷ್ಟವಿಲ್ಲ. ನಾನು ಪುಟಕ್ಕಿಂತ ಜಾಸ್ತಿ ನಂಬುವುದು ಒಟಿಪಿಯ ಜೊತೆ ಬರುವ ಮೆಸೇಜನ್ನು. ಮೋಸ ಹೇಗೆ ನಡೆಯುತ್ತದೆ ನೋಡಿ. ನಕಲಿ ಅಂಗಡಿ ನಿಮ್ಮ ಕಾರ್ಡ್ ನಂಬರ್ ತಗೊಂಡು, ಅದೇ ಹೊತ್ತಿಗೆ ಬೇರೆ ಯಾವುದೋ ಅಸಲಿ ಅಂಗಡಿಯಲ್ಲಿ ದೊಡ್ಡ ಮೊತ್ತಕ್ಕೆ ಬಳಸುತ್ತದೆ. ನಿಮ್ಮ ಬ್ಯಾಂಕ್ ಅಸಲಿ ಒಟಿಪಿಯನ್ನೇ ಕಳಿಸುತ್ತದೆ. ನೀವು ಅದನ್ನು ನಕಲಿ ಪುಟದಲ್ಲಿ ಹಾಕುತ್ತೀರಿ, ಅವರು ಅಸಲಿ ಪುಟದಲ್ಲಿ ಹಾಕುತ್ತಾರೆ. ನಕಲಿ ಪುಟದಲ್ಲಿ ಅವರು ಏನು ಬೇಕಾದರೂ ಬರೆಯಬಹುದು. ನಿಮ್ಮ ಫೋನಿಗೆ ಬ್ಯಾಂಕೇ ಕಳಿಸಿದ ಮೆಸೇಜಿನಲ್ಲಿ ಮಾತ್ರ ಆ ಇನ್ನೊಂದು ಅಂಗಡಿಯ ಹೆಸರು, ಆ ದೊಡ್ಡ ಮೊತ್ತ ಇರುತ್ತದೆ. ನಾವೆಲ್ಲ ಆರು ಅಂಕಿ ಮಾತ್ರ ನೋಡಿ ಉಳಿದದ್ದು ಓದುವುದಿಲ್ಲ, ಅದೇ ಅವರಿಗೆ ಬೇಕಿರುವುದು. ಇನ್ನೊಂದು ಗುರುತು: ಅಸಲಿ ಪುಟಕ್ಕೆ ಕಾರ್ಡ್ ನಂಬರ್ ಮೊದಲೇ ಗೊತ್ತು. ಪೂರ್ತಿ ನಂಬರ್, ಹಿಂದಿನ ಮೂರು ಅಂಕಿ, ಎಟಿಎಂ ಪಿನ್ ಎಲ್ಲ ಮತ್ತೆ ಕೇಳಿದರೆ ಅಲ್ಲೇ ನಿಲ್ಲಿಸಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆಯ ಮೆಸೇಜ್ ತೆಗೆದು ಓದಿದೆ. ಮೊತ್ತ ಪೈಸೆಗೆ ಪೈಸೆ ಸರಿಯಾಗಿದೆ, ಪುಟ ನಂಬರನ್ನೂ ಮತ್ತೆ ಕೇಳಿರಲಿಲ್ಲ. ಆದರೆ ಮೆಸೇಜಿನಲ್ಲಿರುವ ಹೆಸರು ನಾನು ಕೊಂಡ ಅಂಗಡಿಯದ್ದಲ್ಲ, ಕೇಳದ ಇನ್ನೊಂದು ಕಂಪನಿಯದು. ಈಗ ಏನು ತಿಳಿಯಬೇಕು?

ಪುಸ್ತಕ ಮಾರುವವಳು: ನನ್ನ ಗ್ರಾಹಕರಿಗೂ ನನ್ನ ಅಂಗಡಿಯ ಹೆಸರು ಬರುವುದಿಲ್ಲ, ನಾನು ನೋಂದಾಯಿಸಿದ ಸಂಸ್ಥೆಯ ಹೆಸರು ಬರುತ್ತದೆ. ಹಾಗಂತ ಮೋಸ ಅಲ್ಲ.

ಪೇಮೆಂಟ್ ಟೆಸ್ಟರ್: ಅಕ್ಕ ಹೇಳಿದ ಹಾಗಿರಬಹುದು, ಗೇಟ್‌ವೇಯ ಹೆಸರೂ ಇರಬಹುದು. ಮೊತ್ತ ಸರಿಯಾಗಿರುವುದು ಒಳ್ಳೆಯ ಲಕ್ಷಣ. ಆದರೂ ಹೆಸರು ಹೊಂದದಿದ್ದರೆ ನಾನು ಸುಮ್ಮನಿರುವುದಿಲ್ಲ. ಅಂಗಡಿಯ ಸೈಟಿನ ನಿಯಮಗಳ ಪುಟದಲ್ಲಿ ಆ ಕಂಪನಿಯ ಹೆಸರು ಸಿಗುತ್ತದಾ ನೋಡಿ. ಸಿಗದಿದ್ದರೆ ಕಾರ್ಡಿನ ಹಿಂದೆ ಇರುವ ನಂಬರಿಗೆ ಫೋನ್ ಮಾಡಿ, ಮೆಸೇಜಿನಲ್ಲಿರುವ ನಂಬರಿಗಲ್ಲ. ನಿನ್ನೆ ಎಷ್ಟು ಪೇಮೆಂಟಿಗೆ ಒಟಿಪಿ ಒಪ್ಪಿದೆ ಅಂತ ಕೇಳಿ. ಒಂದೇ, ಅದೂ ನೀವು ಕೊಂಡ ಅಂಗಡಿಯದೇ ಅಂದರೆ ಸರಿ. ಎರಡು ಅಂದರೆ, ಇಲ್ಲವೇ ಬೇರೆ ಯಾರದ್ದೋ ಅಂದರೆ ಆ ಕರೆಯಲ್ಲೇ ಕಾರ್ಡ್ ನಿಲ್ಲಿಸಿಬಿಡಿ.

ಒಂಟಿ ಸೈಕಲ್: ಏನಂದರು ಅಂತ ಇಲ್ಲಿ ಬಂದು ಹೇಳಿ, ಕಾಯ್ತಿರ್ತೀವಿ.