3 ಅಂಕದ ಮುನ್ನಡೆಗೆ ಎಷ್ಟು ಅಗಲದ ಪಟ್ಟಿ?

ಪ್ರಶ್ನೆ (ವಿಜಯಪುರ, ವಾರಪತ್ರಿಕೆಯಲ್ಲಿ ಪುಟ ಮಾಡುವವರು): ನಮ್ಮ ಸಮೀಕ್ಷೆಯಲ್ಲಿ 800 ಜನರನ್ನು ಕೇಳಿದ್ದಾರೆ. ಒಂದು ಪಕ್ಷಕ್ಕೆ 41%, ಇನ್ನೊಂದಕ್ಕೆ 38%. ತಪ್ಪಿನ ಅಂತರ ±3.4 ಅಂತ ಕೊಟ್ಟಿದ್ದಾರೆ. ಚಾರ್ಟ್‌ನಲ್ಲಿ ಅದನ್ನು ಬಣ್ಣದ ಪಟ್ಟಿಯಾಗಿ ಹೇಗೆ ತೋರಿಸಲಿ? ಸಂಪಾದಕರಿಗೆ ‘ಮುನ್ನಡೆ’ ಅನ್ನೋ ಶೀರ್ಷಿಕೆಯೇ ಬೇಕಂತೆ.

ಬಾಗಲಕೋಟೆಯ ಡಿಸೈನರ್: ಎರಡೂ ಕಂಬದ ಮೇಲೆ ಪಟ್ಟಿ ಹಾಕಿ. ಒಂದರ ಮೇಲೊಂದು ಬಂದರೆ ಸಮಬಲ ಅಂತ ಬರೆದುಬಿಡಿ, ಮುಗೀತು.

ಬೆಳಗಾವಿಯ ಸಂಖ್ಯಾಶಾಸ್ತ್ರ ಉಪನ್ಯಾಸಕಿ: ಅರ್ಧ ಸರಿ. ±3.4 ಇರುವುದು ಒಂದೊಂದು ಪಕ್ಷದ ಪಾಲಿಗೆ. ಮುನ್ನಡೆಗೆ ಬೇರೆ ಲೆಕ್ಕ, ಯಾಕಂದ್ರೆ ಒಬ್ಬರ ಮತ ಹೆಚ್ಚಾದರೆ ಸಾಮಾನ್ಯವಾಗಿ ಇನ್ನೊಬ್ಬರದು ಇಳಿಯುತ್ತದೆ.

```
1.96 × √((p1 + p2 − (p1 − p2)²) / n)
```

0.41, 0.38, 800 ಹಾಕಿದರೆ ಸುಮಾರು ±6.2 ಬರುತ್ತದೆ. ಅಂದರೆ ಮುನ್ನಡೆ −3ರಿಂದ +9ರವರೆಗೆ ಎಲ್ಲಿಯಾದರೂ ಇರಬಹುದು.

ಹಾಗಾಗಿ ಕಂಬ ಬಿಡಿ. ಮಧ್ಯದಲ್ಲಿ ದಪ್ಪ ಸೊನ್ನೆ ಗೆರೆ ಎಳೆಯಿರಿ. +3ರಲ್ಲಿ ಒಂದು ಚುಕ್ಕೆ, −3ರಿಂದ +9ರವರೆಗೆ ತಿಳಿ ಬೂದು ಪಟ್ಟಿ. ಪಟ್ಟಿ ಸೊನ್ನೆ ದಾಟಿದ್ದು ಓದುಗರಿಗೆ ತಾನಾಗೇ ಕಾಣುತ್ತದೆ. ಕಂಬವೇ ಬೇಕೆಂದರೆ 35ರಿಂದ ಶುರು ಮಾಡಬೇಡಿ. 41 ಮತ್ತು 38ರ ಕಂಬಗಳು 6 ಮತ್ತು 3 ಆಗಿ, ಒಂದು ಇನ್ನೊಂದರ ಎರಡು ಪಟ್ಟು ಕಾಣುತ್ತದೆ!

‘ಸಮಬಲ’ ಅನ್ನುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಮುಂದಿರುವವರು ನಿಜಕ್ಕೂ ಮುಂದಿರುವ ಸಾಧ್ಯತೆ ಈ ಲೆಕ್ಕದಲ್ಲಿ ಸುಮಾರು 83%. ‘ಸ್ವಲ್ಪ ಮುಂದೆ, ಖಚಿತವಿಲ್ಲ’ ಅನ್ನಿ.

ಬಾಗಲಕೋಟೆಯ ಡಿಸೈನರ್: ಸರಿ ಅಕ್ಕಾ. ಆದರೆ ಎರಡು ಪಕ್ಷದ ಬಣ್ಣ ಸೇರಿದ ಜಾಗ ಮೂರನೇ ಪಕ್ಷದ ಬಣ್ಣದಂತೆ ಕಾಣುತ್ತದಲ್ವಾ, ಅದಕ್ಕೇನು?

ಉಪನ್ಯಾಸಕಿ: ಅದಕ್ಕೇ ಬೂದು ಅಂದದ್ದು. ಒಂದೇ ಪಟ್ಟಿ, ಒಂದೇ ಬಣ್ಣ. ನ್ಯೂಸ್‌ಪ್ರಿಂಟ್ ಮೇಲೆ ತೀರಾ ತಿಳಿ ಬೂದು ಮಾಯವಾದರೆ ಓರೆ ಗೆರೆಗಳನ್ನು ತುಂಬಿ.

ಮುಧೋಳದಿಂದ: ಅದೆಲ್ಲ ಬಿಡ್ರಿ, ನಮ್ಮ ತಾಲ್ಲೂಕಿಂದು ಬೇರೆ ತೋರಿಸಿ. ಆ 800ರಲ್ಲಿ ನಮ್ಮವರು 90 ಜನ ಇದ್ದರೆ ನಮ್ಮ ಸೀಟ್ ಯಾರದ್ದು ಅಂತ ಗೊತ್ತಾಗುತ್ತದಲ್ಲ?

ಉಪನ್ಯಾಸಕಿ: 90 ಜನಕ್ಕೆ ಒಂದು ಪಾಲಿನ ಅಂತರವೇ ±10 ಆಗುತ್ತದೆ. ಪಟ್ಟಿ ಪುಟದಗಲ ಬರುತ್ತದೆ, ಸೀಟ್ ಕೇಳಬೇಡಿ ಸರ್.

ಪ್ರಶ್ನೆ ಕೇಳಿದವರು: ಮೇಡಂ, ನಮ್ಮವರು 40 ಮತಗಟ್ಟೆ ಆರಿಸಿ, ಒಂದೊಂದರಲ್ಲಿ 20 ಮಂದಿಯನ್ನು ಮಾತಾಡಿಸಿದ್ದರು. ಅದರಿಂದ ಏನಾದರೂ ಫರಕ್ ಇದೆಯಾ?

ಉಪನ್ಯಾಸಕಿ: ಜಾಸ್ತಿನೇ ಇದೆ. ಒಂದೇ ಓಣಿಯವರ ಮಾತು ಒಂದೇ ಥರ ಇರುತ್ತದೆ, 800 ಜನ 800ರಷ್ಟು ಹೊಸ ಮಾಹಿತಿ ಕೊಡುವುದಿಲ್ಲ. ಅದು 530ರಷ್ಟಕ್ಕೆ ಇಳಿದಿದೆ ಅಂತ ಇಟ್ಟುಕೊಂಡರೆ ಮುನ್ನಡೆಯ ಪಟ್ಟಿ ±7.6 ಆಗುತ್ತದೆ. ನಿಜವಾಗಿ ಎಷ್ಟಕ್ಕೆ ಇಳಿದಿದೆ ಅನ್ನೋದು ಮತಗಟ್ಟೆವಾರು ಉತ್ತರ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆ ಎಕ್ಸೆಲ್ ಫೈಲ್ ಸಮೀಕ್ಷೆಯವರು ಕೊಡ್ತಾರಾ, ಕೇಳಿ.