ಅಪ್‌ಡೇಟ್: ಶಾಫ್ಟ್ ಬಾಕಿಯ ಗುಟ್ಟು ಗ್ರೈಂಡಿಂಗ್‌ನಲ್ಲಿತ್ತು

ನಾನು ಕೇಳಿದ್ದು: "ಇಆರ್‌ಪಿ ತಂತ್ರಾಂಶದಲ್ಲಿ ಎಂಆರ್‌ಪಿ, ಅಂದರೆ ಸಾಮಗ್ರಿ ಅಗತ್ಯದ ಯೋಜನೆ, ಸರಾಗವಾಗಿ ಓಡಿದರೂ ಪೀಣ್ಯದ ನಮ್ಮ ಘಟಕದಲ್ಲಿ ತಿಂಗಳ ಕೊನೆಗೆ ಪಂಪ್ ಶಾಫ್ಟ್ ಬಾಕಿ ಉಳಿಯುವುದೇಕೆ?"

ಕಾರಣ ಸಿಕ್ಕಿತು. ಎಂಆರ್‌ಪಿ ಯಂತ್ರಗಳ ಸಾಮರ್ಥ್ಯಕ್ಕೆ ಮಿತಿಯೇ ಇಲ್ಲವೆಂದುಕೊಂಡು ಲೆಕ್ಕ ಹಾಕುತ್ತದೆ. ಹಾಗಾಗಿ ವೇಳಾಪಟ್ಟಿ ಸ್ಥಿರಗೊಳಿಸುವ ಮೊದಲು ಗ್ರೈಂಡಿಂಗ್ ಹೊರೆಯನ್ನು ಬೇರೆಯಾಗಿ ನೋಡಿದೆವು. ಬೇಡಿಕೆ 4,200 ಶಾಫ್ಟ್. ಒಂದಕ್ಕೆ 10 ನಿಮಿಷದಂತೆ 700 ಗಂಟೆ, ಸೆಟ್ಟಿಂಗ್ ಬದಲಿಸಲು ಇನ್ನೂ 30. ಎರಡು ಯಂತ್ರಗಳಿಂದ ನಿಜವಾಗಿ ಸಿಗುವುದು 680. ಸೆಟ್ಟಿಂಗ್ ಸಮಯ, ಕೆಲಸದ ಹಂತಗಳನ್ನೂ ಅವುಗಳ ಸಮಯವನ್ನೂ ಬರೆದಿಡುವ ರೂಟಿಂಗ್‌ನಲ್ಲಿ ಶೂನ್ಯವೆಂದೇ ದಾಖಲಾಗಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಕೊರತೆಯ 50 ಗಂಟೆಯೆಂದರೆ 300 ಶಾಫ್ಟ್. ಓವರ್‌ಟೈಮ್ ಬೇಡವೆಂದು, ಬಿಡುವಿದ್ದ ಹಿಂದಿನ ತಿಂಗಳಲ್ಲೇ ಸದಾ ಬೇಡಿಕೆಯಿರುವ ಅಳತೆಯ ಅಷ್ಟು ಶಾಫ್ಟ್‌ಗಳನ್ನು ಮಾಡಿಟ್ಟೆವು. ಮಾರಾಟ ವಿಭಾಗ ಒಪ್ಪಿದ ಮೇಲೆಯೇ ಮುಂದಿನ ಎರಡು ವಾರಗಳ ಆದೇಶಗಳನ್ನು ಸ್ಥಿರಗೊಳಿಸಿದೆವು. ಈ ಬಾರಿ ಬಾಕಿ ಉಳಿಯಲಿಲ್ಲ.