ಕೂಡಿದರೆ ಲೆಕ್ಕ ಸರಿ ಇದೆ, ಆದರೂ ಈ ಸ್ಯಾಲರಿ ಸ್ಲಿಪ್ ಮೇಲೆ ಅನುಮಾನ

ಪ್ರಶ್ನೆ: ಪತ್ತಿನ ಸಹಕಾರಿ ಸಂಘದ ಸಾಲ ವಿಭಾಗದಿಂದ, ವಿಜಯಪುರ

ನಮ್ಮ ಸಂಘದಲ್ಲಿ ಒಬ್ಬ ಹುಡುಗ 4 ಲಕ್ಷ ಸಾಲ ಕೇಳಿದ್ದಾನೆ. ಖಾಸಗಿ ಕಂಪನಿಯ ನೌಕರಿ. ಸೆಪ್ಟೆಂಬರ್ 2025ರ ಸ್ಲಿಪ್‌ನಲ್ಲಿ ಹೀಗಿದೆ: ಬೇಸಿಕ್ 24,000, ಮನೆ ಬಾಡಿಗೆ ಭತ್ಯೆ 9,600, ವಿಶೇಷ ಭತ್ಯೆ 8,900, ಒಟ್ಟು 42,500. ಕಡಿತ: ಪಿಎಫ್ 1,680, ಇಎಸ್‌ಐ 153. ಕೈಗೆ 40,667. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್ ಕೊಟ್ಟಿದ್ದಾನೆ, ಪ್ರತಿ ತಿಂಗಳು 40,667 ಜಮಾ ಆಗಿದೆ. ಸ್ಲಿಪ್ಪೂ ಸ್ಟೇಟ್‌ಮೆಂಟಿನ ಮೊದಲ ಪುಟವೂ ಕ್ಯಾಲ್ಕುಲೇಟರ್‌ನಲ್ಲಿ ಕೂಡಿ ನೋಡಿದೆ, ಸರಿ ಇದೆ. ಆದರೂ ಅಂಕಿಗಳು ಯಾಕೋ ಕಣ್ಣಿಗೆ ಒಗ್ಗುತ್ತಿಲ್ಲ. ಏನು ನೋಡಬೇಕು?

ಉತ್ತರ: ಸಹಕಾರಿ ಸಂಘಗಳ ಆಡಿಟ್ ಮಾಡುವವರು, ಬೆಳಗಾವಿ

ನಿಮ್ಮ ಅನುಮಾನ ಸರಿ ಇದೆ ಸರ್. ಸ್ಲಿಪ್ ತಿದ್ದುವವರು ಕೂಡುವ ಲೆಕ್ಕವನ್ನು ಸರಿ ಮಾಡಿಯೇ ಮಾಡುತ್ತಾರೆ. ಅವರು ಮರೆಯುವುದು ಕಡಿತದ ಲೆಕ್ಕ. ಹಾಗಾಗಿ ಮೇಲಿನಿಂದ ಕೆಳಗೆ ಕೂಡಬೇಡಿ, ಕಡಿತದಿಂದ ಹಿಂದಕ್ಕೆ ಹೋಗಿ.

ಪಿಎಫ್ ಅಂದರೆ ಬೇಸಿಕ್ ಮತ್ತು ಡಿಎ ಮೇಲೆ ಶೇ. 12. ಬೇಸಿಕ್ 24,000 ಇದ್ದರೆ ಪಿಎಫ್ 2,880 ಆಗಬೇಕು. ಕೆಲವು ಕಂಪನಿಗಳು 15,000ದ ಮಿತಿ ಹಿಡಿದು 1,800 ಮಾತ್ರ ಮುರಿಯುತ್ತವೆ, ಅದೂ ಸರಿಯೇ. ಆದರೆ 1,680 ಎರಡೂ ಅಲ್ಲ. 1,680 ಎಷ್ಟರ ಶೇ. 12? ಸರಿಯಾಗಿ 14,000ದ್ದು.

ಈಗ ಇಎಸ್‌ಐ. ಅದು ಒಟ್ಟು ಸಂಬಳದ ಮೇಲೆ ಶೇ. 0.75, ತಿಂಗಳಿಗೆ 21,000 ಮೀರದವರಿಗೆ. 42,500 ಸಂಬಳದವನಿಗೆ ಇಎಸ್‌ಐ ಸಾಲೇ ಇರಬಾರದು. ಇಎಸ್‌ಐನ ಆರು ತಿಂಗಳ ಅವಧಿಯ ನಡುವೆ ಸಂಬಳ ಏರಿದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಮುಗಿಯುವವರೆಗೆ ಕಡಿತ ಮುಂದುವರಿಯುತ್ತದೆ, ಆದರೆ ಆಗಲೂ ಏರಿದ ಸಂಬಳದ ಮೇಲೆಯೇ ಮುರಿಯಬೇಕು. ಅಂದರೆ 319 ರೂಪಾಯಿ. ನಿಮ್ಮಲ್ಲಿರುವ 153 ಸರಿಯಾಗಿ 20,400ರ ಶೇ. 0.75.

ಮೂರನೆಯದು, ಇಲ್ಲದಿರುವ ಸಾಲು. ನಮ್ಮ ರಾಜ್ಯದಲ್ಲಿ 25,000 ಮತ್ತು ಅದಕ್ಕಿಂತ ಜಾಸ್ತಿ ಸಂಬಳಕ್ಕೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300 ವೃತ್ತಿ ತೆರಿಗೆ ಮುರಿಯಬೇಕು. ಈ ಸ್ಲಿಪ್‌ನಲ್ಲಿ ಅದು ಇಲ್ಲವೇ ಇಲ್ಲ. 20,400 ಸಂಬಳದವನಿಗಾದರೆ ಇಲ್ಲದಿರುವುದೇ ಸರಿ.

ನೋಡಿ, ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ನನ್ನ ಲೆಕ್ಕದಲ್ಲಿ ಮೂಲ ಸ್ಲಿಪ್‌ನಲ್ಲಿ ಬೇಸಿಕ್ 14,000, ಒಟ್ಟು 20,400, ಕೈಗೆ 18,567 ಇರಬೇಕು. ತಿದ್ದಿದವರು ಮೇಲಿನ ಅಂಕಿಗಳನ್ನೂ ಕೊನೆಯ ಅಂಕಿಯನ್ನೂ ಬದಲಿಸಿ, ನಡುವಿನ ಕಡಿತಗಳನ್ನು ಹಾಗೇ ಬಿಟ್ಟಿದ್ದಾರೆ.

ಇದು ಬರೀ ಸ್ಲಿಪ್‌ನ ಮಾತು. ಸ್ಟೇಟ್‌ಮೆಂಟ್‌ನಲ್ಲಿ ಎರಡು ನೋಡಿ ಹೇಳಿ. ಸೆಪ್ಟೆಂಬರ್ ಕೊನೆಗೆ ಉಳಿತಾಯ ಖಾತೆಗೆ ಬಡ್ಡಿ ಎಷ್ಟು ಬಿದ್ದಿದೆ? ಜುಲೈನಿಂದ ಸೆಪ್ಟೆಂಬರ್‌ವರೆಗೆ ಬ್ಯಾಲೆನ್ಸ್ ಎಷ್ಟಕ್ಕಿಂತ ಕೆಳಗೆ ಇಳಿದಿಲ್ಲ?

ನಿವೃತ್ತ ಬ್ಯಾಂಕ್ ನೌಕರ, ಬಾಗಲಕೋಟೆ

ಅಷ್ಟೆಲ್ಲಾ ಬೇಕಿಲ್ಲ. ಸಂಬಳ ಜಮಾ ಆದ ತಾರೀಖು ನೋಡಿ. ಸೆಪ್ಟೆಂಬರ್ 7ಕ್ಕೆ ಜಮಾ ಆಗಿದ್ದರೆ ಅದು ಭಾನುವಾರ. ಭಾನುವಾರ ಬ್ಯಾಂಕ್ ಬಂದ್. ಅಲ್ಲಿಗೆ ಖೋಟಾ ಅಂತಾಯಿತು. ನಾವು 30 ವರ್ಷ ಹೀಗೇ ಹಿಡಿದಿದ್ದೇವೆ.

ಪ್ರಶ್ನೆ ಕೇಳಿದವರು

ಹೌದು ಸರ್, ಸೆಪ್ಟೆಂಬರ್ 7ಕ್ಕೇ ಜಮಾ ಆಗಿದೆ! ಎನ್‌ಇಎಫ್‌ಟಿ ಅಂತಿದೆ.

ಆಡಿಟ್ ಮಾಡುವವರು, ಬೆಳಗಾವಿ

ಹಿರಿಯರೇ, ನಿಮ್ಮ ಕಾಲಕ್ಕೆ ಅದು ಗಟ್ಟಿ ಗುರುತೇ ಆಗಿತ್ತು. ಆದರೆ ಎನ್‌ಇಎಫ್‌ಟಿ 2019ರ ಡಿಸೆಂಬರ್ 16ರಿಂದ ದಿನದ 24 ತಾಸೂ, ರಜಾ ದಿನವೂ ನಡೆಯುತ್ತದೆ. ಸಂಬಳ, ಕಂತು ಎಲ್ಲಾ ಒಟ್ಟಿಗೆ ಹೋಗುವ ಎನ್‌ಎಸಿಎಚ್ ಕೂಡ 2021ರ ಆಗಸ್ಟ್ 1ರಿಂದ ಎಲ್ಲಾ ದಿನ ಇದೆ. ಈಗ ಭಾನುವಾರದ ಜಮಾ ನೋಡಿ ಒಬ್ಬರನ್ನು ಖೋಟಾ ಅಂದರೆ ಪ್ರಾಮಾಣಿಕನಿಗೆ ಅನ್ಯಾಯ ಆಗುತ್ತದೆ. ಭಾನುವಾರ ಕೌಂಟರ್‌ನಲ್ಲಿ ನಗದು ಕಟ್ಟಿದ ಹಾಗೆ ತೋರಿಸಿದ್ದರೆ ಮಾತ್ರ ನಿಮ್ಮ ಮಾತು ಇಂದಿಗೂ ನಡೆಯುತ್ತದೆ. ಆಗ ಶಾಖೆಗೆ ಒಂದು ಫೋನ್ ಮಾಡಿ ಕೇಳಲೇಬೇಕು.

ಪ್ರಶ್ನೆ ಕೇಳಿದವರು

ಮೇಡಂ, ನೋಡಿದೆ. ಸೆಪ್ಟೆಂಬರ್ ಕೊನೆಗೆ ಬಡ್ಡಿ 38 ರೂಪಾಯಿ. ಆ ಮೂರು ತಿಂಗಳು ಬ್ಯಾಲೆನ್ಸ್ 90,000ಕ್ಕಿಂತ ಕೆಳಗೆ ಇಳಿದೇ ಇಲ್ಲ. ಬಡ್ಡಿ ಕಡಿಮೆ ಅನ್ನಿಸುತ್ತಿದೆ, ಅಲ್ವಾ? ಇನ್ನೊಂದು ಕಣ್ಣಿಗೆ ಬಿತ್ತು. ಆಗಸ್ಟ್‌ನಲ್ಲಿ 295 ರೂಪಾಯಿ ಖರ್ಚು, ಪಕ್ಕದಲ್ಲಿ ಕಂತು ವಾಪಸ್ ಹೋದ ಶುಲ್ಕ ಅಂತಿದೆ.

ಆಡಿಟ್ ಮಾಡುವವರು, ಬೆಳಗಾವಿ

ಇದಕ್ಕಿಂತ ಸ್ಪಷ್ಟ ಗುರುತು ಸಿಗುವುದು ಕಷ್ಟ. ಉಳಿತಾಯ ಖಾತೆಯ ಬಡ್ಡಿ ದಿನದ ಬ್ಯಾಲೆನ್ಸ್ ಮೇಲೆ ಲೆಕ್ಕ ಆಗುತ್ತದೆ. ದರ ವರ್ಷಕ್ಕೆ ಶೇ. 2.5 ಅಂತ ಹಿಡಿಯಿರಿ. 90,000 ರೂಪಾಯಿ 92 ದಿನ ಇದ್ದರೆ ಬಡ್ಡಿ ಸುಮಾರು 567 ಬರಬೇಕು. 38 ರೂಪಾಯಿ ಬರುವುದು ಸರಾಸರಿ 6,000 ಇದ್ದ ಖಾತೆಗೆ. ಬ್ಯಾಲೆನ್ಸ್ ಕಾಲಮ್ಮು ತಿದ್ದಿದ್ದು, ಬಡ್ಡಿ ಸಾಲು ಬ್ಯಾಂಕಿನದು. ಆ ಬ್ಯಾಂಕಿನ ನಿಜವಾದ ದರ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ, ಆದರೂ ಇಷ್ಟು ಅಂತರ ಮುಚ್ಚುವುದಿಲ್ಲ.

295 ಅಂದರೆ 250 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ 45. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದಾಗ ಹಾಕುವಂಥದ್ದು. 90,000 ಇದ್ದವನ ಕಂತು ಯಾಕೆ ವಾಪಸ್ ಹೋಗಬೇಕು? ಸಹಿ ಹೊಂದದೆ ಅಥವಾ ಖಾತೆ ತಡೆಹಿಡಿದಿದ್ದರೂ ಹೋಗಬಹುದು, ಹಾಗಾಗಿ ಇದೊಂದೇ ಸಾಕಾಗುವುದಿಲ್ಲ. ಬಡ್ಡಿಯ ಜೊತೆ ಸೇರಿದರೆ ಸಾಕು.

ಇನ್ನು ಮೊದಲ ಪುಟ ಕೂಡಿ ನಿಲ್ಲಿಸಬೇಡಿ. ಎಲ್ಲಾ ಪುಟಗಳನ್ನೂ ಎಕ್ಸೆಲ್‌ಗೆ ಹಾಕಿ. ಡಿ ಕಾಲಮ್ಮಿನಲ್ಲಿ ಖರ್ಚು, ಇ ಕಾಲಮ್ಮಿನಲ್ಲಿ ಜಮಾ, ಎಫ್‌ನಲ್ಲಿ ಬ್ಯಾಲೆನ್ಸ್ ಇದ್ದರೆ ಮೂರನೇ ಸಾಲಿನ ಮುಂದೆ ಇದನ್ನು ಬರೆದು ಕೆಳಗೆ ಎಳೆಯಿರಿ:

```
=ROUND(F2-D3+E3-F3,2)
```

ಎಲ್ಲಾ ಸಾಲಿಗೂ 0 ಬರಬೇಕು. ಪುಟ ಬದಲಾಗುವ ಜಾಗವನ್ನು ಮೊದಲು ನೋಡಿ, ತಿದ್ದಿದವರು ಜಾಸ್ತಿ ತಪ್ಪುವುದು ಅಲ್ಲೇ. ಕೊನೆಯಲ್ಲಿ ಒಟ್ಟು ಜಮಾ, ಒಟ್ಟು ಖರ್ಚು ಅಂತ ಕೊಟ್ಟಿದ್ದರೆ ಅದನ್ನೂ ತಾಳೆ ಹಾಕಿ. ಆದರೆ ಒಂದು ಎಚ್ಚರಿಕೆ. ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಹೊಸ ವ್ಯವಹಾರ ಮೇಲೆ, ಹಳೆಯದು ಕೆಳಗೆ ಇರುತ್ತದೆ. ಅದನ್ನು ತಿರುಗಿಸದೆ ಈ ಲೆಕ್ಕ ಹಾಕಿದರೆ ಎಲ್ಲಾ ಸಾಲೂ ತಪ್ಪು ತೋರಿಸುತ್ತದೆ. ನಾನೇ ಒಮ್ಮೆ ಹಾಗೆ ಮಾಡಿ ಒಬ್ಬ ಒಳ್ಳೆಯ ಗ್ರಾಹಕರ ಕಡತವನ್ನು ಎರಡು ದಿನ ತಡೆದಿದ್ದೆ.

ಪ್ರಶ್ನೆ ಕೇಳಿದವರು

ಅಕ್ಷರದ ಬಗ್ಗೆ ಹೇಳಿ ಮೇಡಂ. ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಕೆಲವು ಕಡೆ 1,04,230 ಅನ್ನುವಲ್ಲಿ 104,230 ಅಂತಿದೆ.

ಆಡಿಟ್ ಮಾಡುವವರು, ಬೆಳಗಾವಿ

ಒಂದೇ ಬ್ಯಾಂಕಿನ ಒಂದೇ ಕಾಲಮ್ಮಿನಲ್ಲಿ ಎರಡು ಥರ ಅಲ್ಪವಿರಾಮ ಬರುವುದಿಲ್ಲ. ಕಾಲಮ್ ಪೂರ್ತಿ 104,230 ಥರವೇ ಇದ್ದರೆ ಅದು ಆ ಬ್ಯಾಂಕಿನ ಸಾಫ್ಟ್‌ವೇರ್ ರೂಢಿ ಇರಬಹುದು. ಬೆರಕೆ ಇದ್ದರೆ ಮಾತ್ರ ಅನುಮಾನ.

ಪಿಡಿಎಫ್ ಅನ್ನು ಶೇ. 400ಕ್ಕೆ ಹಿಗ್ಗಿಸಿ, ಸಂಬಳದ ಸಾಲನ್ನೂ ಅದರ ಮೇಲಿನ ಸಾಲನ್ನೂ ಜೋಡಿಸಿ ನೋಡಿ. 4ರ ತಲೆ ಒಂದು ಕಡೆ ಮುಚ್ಚಿರುತ್ತದೆ, ಇನ್ನೊಂದು ಕಡೆ ತೆರೆದಿರುತ್ತದೆ. ಸೊನ್ನೆ ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಕಿರಿದಾಗಿರುತ್ತದೆ. ಪೈಸೆಯ ಕೊನೆಯ ಸೊನ್ನೆಗಳೆಲ್ಲಾ ಬಲಗಡೆ ಒಂದೇ ಗೆರೆಗೆ ನಿಲ್ಲಬೇಕು. ತಿದ್ದಿದ ಅಂಕಿ ಕೂದಲೆಳೆಯಷ್ಟು ಈಚೆ ಆಚೆ ಸರಿದಿರುತ್ತದೆ. ಕಂಪ್ಯೂಟರ್‌ನಲ್ಲಿ ಪಾಪ್ಲರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದ್ದರೆ ಇದನ್ನು ಹಾಕಿ, ಕಡತದಲ್ಲಿ ಯಾವ್ಯಾವ ಫಾಂಟ್ ಇವೆ ಅಂತ ಪಟ್ಟಿ ಕೊಡುತ್ತದೆ:

```
pdffonts statement.pdf
```

ಅದೇ ಬ್ಯಾಂಕಿನ, ನಿಮಗೆ ನಂಬಿಕೆ ಇರುವ ಇನ್ನೊಂದು ಸ್ಟೇಟ್‌ಮೆಂಟಿನ ಪಟ್ಟಿ ಪಕ್ಕಕ್ಕಿಟ್ಟು ಹೋಲಿಸಿ. ಒಂದು ಫಾಂಟ್ ಇಲ್ಲಿ ಮಾತ್ರ ಹೆಚ್ಚಿಗೆ ಇದ್ದರೆ, ಅದು ಯಾವ ಅಂಕಿಗೆ ಬಳಕೆಯಾಗಿದೆ ಅಂತ ಹುಡುಕಿ. ಆದರೆ ಫಾಂಟ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಪಾಸ್‌ವರ್ಡ್ ತೆಗೆಯಲು ಜನ ಪಿಡಿಎಫ್ ಅನ್ನು ಮತ್ತೆ ಪಿಡಿಎಫ್ ಆಗಿಯೇ ಪ್ರಿಂಟ್ ಮಾಡುತ್ತಾರೆ. ಆಗ ಕಡತದ ಮಾಹಿತಿಯಲ್ಲಿ ಬ್ಯಾಂಕಿನ ಬದಲು ಬೇರೆ ಸಾಫ್ಟ್‌ವೇರ್ ಹೆಸರು ಬರುತ್ತದೆ, ತಪ್ಪು ಏನೂ ಇರುವುದಿಲ್ಲ. ಮೊಬೈಲ್‌ನಲ್ಲಿ ಫೋಟೋ ಹೊಡೆದು ಕಳಿಸಿದರಂತೂ ಈ ಪರೀಕ್ಷೆ ನಡೆಯುವುದೇ ಇಲ್ಲ.

ಮುಧೋಳದಿಂದ ಒಬ್ಬ ಗೃಹಿಣಿ

ನಮ್ಮದು ಸಾಲದ ವಿಷಯ ಅಲ್ಲಕ್ಕಾ. ತಂಗಿಗೆ ಗಂಡು ನೋಡುವಾಗ ಹುಡುಗನ ಕಡೆಯವರು ಸ್ಯಾಲರಿ ಸ್ಲಿಪ್ ಕಳಿಸಿದ್ದರು. ಅಂಕಿಯಲ್ಲಿ 61,200, ಕೆಳಗೆ ಅಕ್ಷರದಲ್ಲಿ ಮೂವತ್ತೊಂದು ಸಾವಿರದ ಇನ್ನೂರು. ನಮ್ಮ ಅಪ್ಪ ಚಷ್ಮಾ ಹಾಕಿಕೊಂಡು ಅಕ್ಷರದ ಸಾಲು ಓದಿದ್ದಕ್ಕೆ ಗೊತ್ತಾಯಿತು. ಸಂಬಳ ಕಡಿಮೆ ಅಂತಲ್ಲ, ಸುಳ್ಳು ಹೇಳಿದ್ದಕ್ಕೆ ಬೇಡ ಅಂದೆವು.

ಆಡಿಟ್ ಮಾಡುವವರು, ಬೆಳಗಾವಿ

ನಿಮ್ಮ ತಂದೆಯವರು ನೋಡಿದ ಜಾಗವೇ ಸರಿ ತಂಗಿ. ಏಪ್ರಿಲ್‌ನಿಂದ ಇಲ್ಲಿಯವರೆಗೆ ಒಟ್ಟು ಅನ್ನುವ ಕಾಲಮ್ ಇದ್ದರೆ ಅದೂ ಹಾಗೇ, ಎಷ್ಟೋ ಜನ ತಿದ್ದಲು ಮರೆಯುತ್ತಾರೆ.

ಕಾರ್ಖಾನೆ ನೌಕರ, ಜಮಖಂಡಿ

ಮೇಡಂ, ನನ್ನ ಸ್ಲಿಪ್‌ನಲ್ಲಿ ಪ್ರತಿ ತಿಂಗಳು ಪಿಎಫ್ 1,800 ಮುರಿಯುತ್ತಾರೆ. ಆದರೆ ಪಿಎಫ್ ಪಾಸ್‌ಬುಕ್‌ನಲ್ಲಿ 5 ತಿಂಗಳಿಂದ ಏನೂ ಬಂದಿಲ್ಲ. ನನ್ನ ಸ್ಲಿಪ್ ಕೂಡ ಖೋಟಾನಾ? ನನಗೆ ಸಾಲ ಕೊಡುವುದಿಲ್ಲವಾ?

ಆಡಿಟ್ ಮಾಡುವವರು, ಬೆಳಗಾವಿ

ಇಲ್ಲಪ್ಪಾ, ನಿಮ್ಮ ವಿಷಯ ಬೇರೆ. ಮುರಿದ ದುಡ್ಡನ್ನು ಮಾಲೀಕರು ಕಟ್ಟಿಲ್ಲ, ತಪ್ಪು ಅವರದು. ಸ್ಲಿಪ್‌ಗಳನ್ನು ಜೋಪಾನ ಮಾಡಿ, ಪಿಎಫ್ ಇಲಾಖೆಯ ದೂರು ಪೋರ್ಟಲ್ `epfigms.gov.in` ನಲ್ಲಿ ದೂರು ಹಾಕಿ. ವಿಜಯಪುರದ ಸರ್, ಇದನ್ನು ನೀವೂ ಗಮನಿಸಿ. ಪಾಸ್‌ಬುಕ್ ಖಾಲಿ ಇದೆ ಅಂತ ಸ್ಲಿಪ್ ಖೋಟಾ ಅನ್ನಲು ಬರುವುದಿಲ್ಲ. ಪಾಸ್‌ಬುಕ್‌ನಲ್ಲಿ ದುಡ್ಡು ಬಂದಿದ್ದು, ಅದರ ಮೊತ್ತ ಸ್ಲಿಪ್‌ಗೆ ಹೊಂದದಿದ್ದರೆ ಆಗ ಮಾತಾಡಬೇಕು.

ನಿವೃತ್ತ ಬ್ಯಾಂಕ್ ನೌಕರ, ಬಾಗಲಕೋಟೆ

ಎನ್‌ಇಎಫ್‌ಟಿ ವಿಷಯ ತಿದ್ದಿದ್ದಕ್ಕೆ ಧನ್ಯವಾದ. ಆದರೆ ಒಂದು ಕೇಳುತ್ತೇನೆ. ಪಿಎಫ್, ಬಡ್ಡಿ, ವೃತ್ತಿ ತೆರಿಗೆ ಎಲ್ಲಾ ಗೊತ್ತಿರುವವನು ಮೊದಲಿನಿಂದ ಹೊಸದಾಗಿಯೇ ಸ್ಟೇಟ್‌ಮೆಂಟ್ ತಯಾರಿಸಿದರೆ?

ಆಡಿಟ್ ಮಾಡುವವರು, ಬೆಳಗಾವಿ

ಆಗ ಲೆಕ್ಕದಿಂದ ಹಿಡಿಯಲು ಆಗುವುದಿಲ್ಲ, ಒಪ್ಪುತ್ತೇನೆ. ಆಗ ಕಾಗದ ಅವನ ಕೈಯಿಂದ ಬರಬಾರದು. ಗ್ರಾಹಕರು ನಿಮ್ಮ ಎದುರಿಗೇ ತಮ್ಮ ಮೊಬೈಲ್‌ನಲ್ಲಿ ಉಮಂಗ್ ಆ್ಯಪ್ ತೆರೆದು ಪಿಎಫ್ ಪಾಸ್‌ಬುಕ್ ತೋರಿಸಲಿ, ಬ್ಯಾಂಕ್ ಆ್ಯಪ್‌ನಲ್ಲಿ ಸಂಬಳದ ಎರಡು ಸಾಲು ತೋರಿಸಲಿ. ಪಾಸ್‌ವರ್ಡ್ ಮಾತ್ರ ನೀವು ಕೇಳಬೇಡಿ, ಮುಟ್ಟಬೇಡಿ. ಸಂಬಳದಿಂದ ಆದಾಯ ತೆರಿಗೆ ಮುರಿದಿದ್ದರೆ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲೂ ಕಾಣುತ್ತದೆ. ಇಷ್ಟು ಸಂಬಳದವರಿಗೆ ಅದು ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಇವತ್ತು ಹುಡುಗನನ್ನು ಕರೆಸಿ ಕೇಳಿದೆ ಮೇಡಂ. ಕಾಗದ ಎಲ್ಲಾ ಏಜೆಂಟ್ ತಯಾರು ಮಾಡಿದ್ದು, ತಾನು ನಿಜವಾದ ಸ್ಲಿಪ್ಪನ್ನೇ ಕೊಟ್ಟಿದ್ದೆ ಅನ್ನುತ್ತಾನೆ. ಕಣ್ಣಲ್ಲಿ ನೀರು ಬಂತು. ಮೊಬೈಲ್‌ನಲ್ಲಿ ತೋರಿಸಿದ ಜಮಾ 18,567, ನೀವು ಹೇಳಿದ್ದೇ ಅಂಕಿ. ಪೊಲೀಸರಿಗೆ ಹೋಗಬೇಕಾ?

ಆಡಿಟ್ ಮಾಡುವವರು, ಬೆಳಗಾವಿ

ಅವನು ಹೇಳುವುದು ನಿಜ ಇರಬಹುದು. ಏಜೆಂಟರು ಗ್ರಾಹಕರಿಗೆ ತಿಳಿಸದೆ ತಿದ್ದಿದ ಪ್ರಕರಣ ನಾನು ನೋಡಿದ್ದೇನೆ. ತಿಳಿಸಿಯೇ ತಿದ್ದಿದ್ದನ್ನೂ ನೋಡಿದ್ದೇನೆ. ಯಾವುದು ಅಂತ ಅಂಕಿಗಳು ಹೇಳುವುದಿಲ್ಲ. ಹುಡುಗನಿಂದ ಲಿಖಿತ ಹೇಳಿಕೆ ತೆಗೆದುಕೊಳ್ಳಿ. ಮೂಲ ಪಿಡಿಎಫ್ ಮತ್ತು ಅದು ಬಂದ ಮೆಸೇಜ್ ಅಳಿಸಬೇಡಿ, ಪ್ರಿಂಟ್ ಮಾತ್ರ ಇಟ್ಟರೆ ಸಾಲದು. ದೂರಿನ ತೀರ್ಮಾನ ನಿಮ್ಮ ಆಡಳಿತ ಮಂಡಳಿ ವಕೀಲರನ್ನು ಕೇಳಿ ಮಾಡಲಿ. ಅದಕ್ಕೂ ಮೊದಲು, ಇದೇ ಏಜೆಂಟ್ ಮೂಲಕ ನಿಮ್ಮಲ್ಲಿಗೆ ಬಂದ ಹಳೆಯ ಕಡತಗಳನ್ನು ಹೊರಗೆ ತೆಗೆಯಿರಿ. ಪಿಎಫ್ ಸಾಲಿನಿಂದ ಶುರು ಮಾಡಿ.

ಪ್ರಶ್ನೆ ಕೇಳಿದವರು

11 ಕಡತ ಇವೆ. ನಾಳೆ ಬೆಳಗ್ಗೆ ಕೂರುತ್ತೇನೆ.